12 ವರ್ಷ ನಮಗಾಗಿ ಆಡಿದವನಿಗೆ 'ಮುಂದಿನ ವರ್ಷ ಕಾಂಟ್ರ್ಯಾಕ್ಟ್ ಇಲ್ಲ' ಅಂತ ಹೇಗೆ ಬರೆಯೋದು?

ನೆಟ್ ಕಂಬ, ಹಾಸನ

ಹಾಸನದಲ್ಲಿ ನಮ್ಮದೊಂದು ವಾಲಿಬಾಲ್ ಕ್ಲಬ್ ಇದೆ. ದೊಡ್ಡದೇನಲ್ಲ. ನಾಲ್ಕು ಜನ ಕಾಫಿ ಬೆಳೆಗಾರರು, ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಸೇರಿ ದುಡ್ಡು ಹಾಕುತ್ತಾರೆ. ಆರು ಜನರಿಗೆ ವರ್ಷದ ಕಾಂಟ್ರ್ಯಾಕ್ಟ್, ಉಳಿದವರಿಗೆ ಪಂದ್ಯಕ್ಕೆ ಇಷ್ಟು ಅಂತ. ನಾನು ಕಾರ್ಯದರ್ಶಿ. ಬಾಲ್‌ಗೆ ಗಾಳಿ ಹೊಡೆಯುವುದರಿಂದ ಹಿಡಿದು ಎಲ್ಲ ನನ್ನ ತಲೆಗೇ.

ನಮ್ಮ ಸೆಂಟರ್ ಬ್ಲಾಕರ್‌ಗೆ ಈಗ 37. 12 ವರ್ಷದಿಂದ ನಮ್ಮಲ್ಲೇ ಆಡುತ್ತಿದ್ದಾನೆ. ಮೊದಲ 5 ವರ್ಷ ಸಂಬಳ ಇರಲಿಲ್ಲ, ಬಸ್ ಚಾರ್ಜು ಮತ್ತು ಊಟ ಅಷ್ಟೆ. ಮಾರ್ಚ್ 31ಕ್ಕೆ ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಮುಂದುವರಿಸುವುದು ಬೇಡ ಅಂತ ಕೋಚ್ ಹೇಳಿದರು, ಕಮಿಟಿ ಒಪ್ಪಿತು. ನಾನೂ ಕೈ ಎತ್ತಿದೆ. ಅವನ ಜಾಗಕ್ಕೆ 21 ವರ್ಷದ ಹುಡುಗನೊಬ್ಬ ಬರುತ್ತಿದ್ದಾನೆ. ಇದನ್ನು ಅವನಿಗೆ ತಿಳಿಸುವ ಕೆಲಸ ನನ್ನದು. ನಾವಿಬ್ಬರೂ ಒಂದೇ ಬೈಕಿನಲ್ಲಿ ಟೂರ್ನಮೆಂಟಿಗೆ ಓಡಾಡಿದವರು.

ವಾಟ್ಸಾಪ್‌ನಲ್ಲಿ ಕಳಿಸೋಣ ಅಂತ ಬರೆದಿದ್ದು ಇದು. ಬೈಯಬೇಡಿ, ತಿದ್ದಿ ಕೊಡಿ.

> ಮಾನ್ಯರೇ, ತಾವು ನಮ್ಮ ಕ್ಲಬ್ಬಿಗೆ ಸಲ್ಲಿಸಿದ ಸೇವೆ ಅಪಾರ. ತಮ್ಮ ಆಟ ಯುವ ಆಟಗಾರರಿಗೆ ದಾರಿದೀಪ. ಆದರೆ ಹಣಕಾಸಿನ ಮುಗ್ಗಟ್ಟಿನ ಕಾರಣ ಸದ್ಯಕ್ಕೆ ತಮ್ಮ ಒಪ್ಪಂದವನ್ನು ನವೀಕರಿಸಲು ಸಾಧ್ಯವಾಗುತ್ತಿಲ್ಲ ಎಂದು ವಿಷಾದದಿಂದ ತಿಳಿಸಲಾಗಿದೆ. ತಮ್ಮ ನಿವೃತ್ತ ಜೀವನ ಸುಖಕರವಾಗಿರಲಿ. ಮುಂದೆ ಕ್ಲಬ್ಬಿನಲ್ಲಿ ಕೋಚಿಂಗ್ ಅವಕಾಶ ಖಂಡಿತ ಇರುತ್ತದೆ.

ಬೇಲೂರು ಬಸ್‌ಸ್ಟ್ಯಾಂಡ್

ಓದಿದರೆ ಯಾರೋ ತೀರಿಕೊಂಡ ಹಾಗಿದೆ ಗುರು. ಕೆಳಗೆ 'ಕ್ರಿಯೆಗೆ ಬಂದು ಸಹಕರಿಸಿ' ಒಂದು ಬಾಕಿ.

ನಿವೃತ್ತ ಮೇಷ್ಟ್ರು

ಹಿರಿಯ ಆಟಗಾರರ ಬೀಳ್ಕೊಡುಗೆಗೆ ಒಂದು ಬಿನ್ನವತ್ತಳೆ ಬೇಕೆಂದು ತಿಳಿಯಿತು. ನಾನು ಸೇವೆಯಲ್ಲಿದ್ದಾಗ 40ಕ್ಕೂ ಹೆಚ್ಚು ಬರೆದಿದ್ದೇನೆ. ಆರಂಭ ಹೀಗಿರಲಿ: 'ಅಂಗಳದ ಸಿಂಹವೇ, ಚೆಂಡಿಗೆ ಚೈತನ್ಯ ತುಂಬಿದ ಧೀಮಂತರೇ'. ಫ್ರೇಮ್ ಹಾಕಿಸುವುದಾದರೆ ಹಳದಿ ಕಾಗದ ಚೆನ್ನಾಗಿ ಕಾಣುತ್ತದೆ.

ನೆಟ್ ಕಂಬ, ಹಾಸನ

ಮೇಷ್ಟ್ರೇ, ಸನ್ಮಾನ ಅಲ್ಲ. ಅವನಿಗೆ ಇನ್ನೂ ವಿಷಯವೇ ಗೊತ್ತಿಲ್ಲ.

ತೋಟದಮನೆ

ನಮ್ಮಲ್ಲೂ ಇದೇ ಕಥೆ. ಮೂಡಿಗೆರೆ ಕಡೆ ನಮ್ಮ ತೋಟದಲ್ಲಿ ರೈಟರ್ ಒಬ್ಬರು 22 ವರ್ಷ ಇದ್ದರು. ಲೆಕ್ಕ ಬರೆಯಲು ಕಣ್ಣು ಕಾಣುತ್ತಿರಲಿಲ್ಲ. ನಮ್ಮಪ್ಪ ಹೇಳಲಾರದೆ ಎರಡು ವರ್ಷ ತಳ್ಳಿದರು. ಆಮೇಲೆ ಒಂದು ದಿನ ಹೊಸ ರೈಟರ್ ಬಂದು ಆಫೀಸ್ ರೂಮಿನಲ್ಲಿ ಕೂತಿದ್ದ. ಇವರು ಬೆಳಿಗ್ಗೆ ಬಂದು ನೋಡಿ, ಕೊಡೆ ತೆಗೆದುಕೊಂಡು ಹಾಗೇ ವಾಪಸ್ ಹೋದರು. ಆಮೇಲೆ ಯಾವ ಮದುವೆಗೂ ನಮ್ಮ ಮನೆ ಕಡೆ ಬರಲಿಲ್ಲ. ನೀವು ಏನಾದರೂ ಬರೆಯಿರಿ, ಹೊಸ ಹುಡುಗ ಗ್ರೌಂಡಿಗೆ ಬರುವ ಮೊದಲು ಬರೆಯಿರಿ.

ಅಂದ ಹಾಗೆ ನಿಮ್ಮ ಕಡೆ ಹೂಮಳೆ ಬಂತಾ? ನಮಗೆ ಇನ್ನೂ ಒಂದು ಹನಿ ಇಲ್ಲ.

ಹಳೇ ಸ್ಮ್ಯಾಶರ್

ತೋಟದಮನೆ ಹೇಳಿದ್ದು ನೂರಕ್ಕೆ ನೂರು. ನಾನು ಇನ್ನೊಂದು ಜಿಲ್ಲೆಯ ಟೀಮಿನಲ್ಲಿ 7 ವರ್ಷ ಆಡಿದೆ. ನನ್ನನ್ನು ಬಿಟ್ಟಿದ್ದು ನನಗೆ ಹೇಗೆ ಗೊತ್ತಾಯಿತು ಹೇಳಿ? ಟೀಮಿನ ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದರು. ಮೊಬೈಲ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೋಗಿ ತೋರಿಸಿದೆ. ಅಂಗಡಿ ಹುಡುಗ ನೋಡಿ, 'ಸಾರ್, ಮೊಬೈಲ್ ಸರಿ ಇದೆ, ನಿಮ್ಮನ್ನ ತೆಗೆದಿದ್ದಾರೆ' ಅಂದ. ಅವನೂ ನನ್ನ ಮ್ಯಾಚ್ ನೋಡಿದವನು.

ಮ್ಯಾನೇಜರ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹಾಸನಾಂಬೆ ಬಾಗಿಲು ತೆಗೆದ ಹಾಗೆ ವರ್ಷಕ್ಕೊಂದು ಸಲ ಫೋನ್ ಎತ್ತುವ ಆಸಾಮಿ.

ಅರಸೀಕೆರೆ ಕಾಯಿ

ಭಾವನೆ ಎಲ್ಲ ಆಮೇಲೆ. 12 ವರ್ಷ ಕೆಲಸ ಮಾಡಿದವನನ್ನು ತೆಗೆದರೆ ಅವನು ಪರಿಹಾರ ಕೇಳಬಹುದು. ಕೊಡದಿದ್ದರೆ ಕೇಸ್ ಹಾಕಬಹುದು. ಅದಕ್ಕೇ ಬರವಣಿಗೆಯಲ್ಲಿ ಏನೂ ಕೊಡಬೇಡಿ. ಬಾಯಲ್ಲೇ ಹೇಳಿ ಮುಗಿಸಿ.

ಸ್ಕೋರ್‌ಶೀಟ್ ಅಕ್ಕ

ಕಾಯಿ ಅವರೇ, ಅರ್ಧ ಸರಿ, ಅರ್ಧ ತಪ್ಪು. ಇಲ್ಲಿ ಯಾರೂ ನಡುವಿನಲ್ಲಿ ತೆಗೆಯುತ್ತಿಲ್ಲ. ಅವಧಿ ಬರೆದ ಕಾಂಟ್ರ್ಯಾಕ್ಟ್ ಆ ತಾರೀಖಿಗೆ ತಾನೇ ಮುಗಿಯುತ್ತದೆ. ನಡುವೆ ತೆಗೆಯುವುದು ಬೇರೆ, ಮುಗಿದದ್ದನ್ನು ಮುಂದುವರಿಸದಿರುವುದು ಬೇರೆ. ಆದರೆ ಕಾಗದದಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ. ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಇದ್ದರೆ ಅದನ್ನು ಪಾಲಿಸಲೇಬೇಕು, ಅದೂ ಬರವಣಿಗೆಯಲ್ಲೇ. ಬಾಯಲ್ಲಿ ಹೇಳಿದ್ದಕ್ಕೆ ನಾಳೆ ಇಬ್ಬರಿಗೂ ಸಾಕ್ಷಿ ಇರುವುದಿಲ್ಲ.

ನೆಟ್ ಕಂಬ, ನಿಮ್ಮ ಕಾಗದ ತೆಗೆದು ನೋಡಿ. ಅಲ್ಲಿಯವರೆಗೆ ಡ್ರಾಫ್ಟ್ ಪಕ್ಕಕ್ಕಿಡಿ.

ನೆಟ್ ಕಂಬ, ಹಾಸನ

ನೋಡಿದೆ ಅಕ್ಕ. 'ಮುಂದುವರಿಸದಿದ್ದಲ್ಲಿ 30 ದಿನ ಮೊದಲು ಲಿಖಿತವಾಗಿ ತಿಳಿಸತಕ್ಕದ್ದು' ಅಂತ ಇದೆ. ನಾನೇ ಟೈಪ್ ಮಾಡಿಸಿದ್ದು, ಮರೆತೇಹೋಗಿತ್ತು! ಇವತ್ತು ಫೆಬ್ರವರಿ 17. ಅಂದರೆ ಈ ತಿಂಗಳೊಳಗೆ ಕೊಡಬೇಕು.

ಸ್ಕೋರ್‌ಶೀಟ್ ಅಕ್ಕ

ಸರಿ. ಈಗ ಡ್ರಾಫ್ಟಿಗೆ ಬರೋಣ. ನಾನು ಹೆಣ್ಣುಮಕ್ಕಳ ಟೀಮಿಗೆ 9 ವರ್ಷ ಮ್ಯಾನೇಜರ್ ಆಗಿದ್ದೆ. ಇಂಥ ಪತ್ರ ಏಳೆಂಟು ಬರೆದಿದ್ದೇನೆ. ಮೊದಲಿನ ಎರಡು ನಿಮ್ಮ ಹಾಗೇ ಬರೆದು ಕೈ ಸುಟ್ಟುಕೊಂಡೆ.

ಎಲ್ಲಕ್ಕಿಂತ ದೊಡ್ಡ ತಪ್ಪು 'ಹಣಕಾಸಿನ ಮುಗ್ಗಟ್ಟು'. ದುಡ್ಡಿಲ್ಲ ಅಂದರೆ ಅವನಿಗೆ ಅವಮಾನ ಕಡಿಮೆ ಅಂತ ನೀವು ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಹುಡುಗಿ ಮಾರನೇ ದಿನ ಬಂದು 'ಅಕ್ಕ, ಅರ್ಧ ಸಂಬಳಕ್ಕೆ ಆಡುತ್ತೇನೆ' ಅಂದಳು. ಈಗ ಏನು ಹೇಳೋದು? ಇನ್ನೊಂದು ಸುಳ್ಳು. ಅರ್ಧವೂ ಇಲ್ಲ ಅಂದೆ. 'ಹಾಗಾದರೆ ಸುಮ್ನೆ ಆಡುತ್ತೇನೆ' ಅಂದಳು. ಕೊನೆಗೆ ಆಟ ಸಾಲದು ಅಂತಲೇ ಹೇಳಬೇಕಾಯಿತು, ಅದೂ ಅವಳು ಅಷ್ಟು ಬಗ್ಗಿದ ಮೇಲೆ. ಅವತ್ತು ಅವಳ ಮುಖ ನೋಡಲು ನನಗೆ ಆಗಲಿಲ್ಲ.

ನಿಮ್ಮವನು 5 ವರ್ಷ ಸಂಬಳವಿಲ್ಲದೆ ಆಡಿದವನು. ಅವನು ಇದನ್ನೇ ಕೇಳುತ್ತಾನೆ, ನೋಡುತ್ತಿರಿ. ಜೊತೆಗೆ ಏಪ್ರಿಲ್‌ನಲ್ಲಿ ಹೊಸ ಹುಡುಗನ ಫ್ಲೆಕ್ಸ್ ಹಾಕುತ್ತೀರಲ್ಲ, ಆಗ ದುಡ್ಡು ಎಲ್ಲಿಂದ ಬಂತು ಅಂತ ಊರೇ ಕೇಳುತ್ತದೆ.

ಹಳೇ ಸ್ಮ್ಯಾಶರ್

'ಸದ್ಯಕ್ಕೆ' ಅನ್ನೋ ಪದಾನೂ ತೆಗೆಯಿರಿ. ಆ ಒಂದು ಪದ ಹಿಡಿದುಕೊಂಡು ಅವನು ಇನ್ನೊಂದು ವರ್ಷ ಬೇರೆ ಎಲ್ಲೂ ಸೇರದೆ ಕಾಯುತ್ತಾನೆ. ನಾನು ಕಾದಿದ್ದೇನೆ.

ಕುದುರೆಮುಖ ಕಾರ್ನರ್

ಸೆಂಟರ್ ಆಗಿ ಆಗಲ್ಲ ಅಂದರೆ ಲಿಬೆರೊ ಮಾಡಿ, ಹಿಂದಿನ ಸಾಲಿನಲ್ಲೇ ನಿಂತು ಬಾಲ್ ಎತ್ತಲಿ. ನೆಟ್ ಹತ್ತಿರ ಹಾರಬೇಕಿಲ್ಲ. ಸಮಸ್ಯೆ ಮುಗೀತು, ಪತ್ರಾನೂ ಬೇಡ.

ನೆಟ್ ಕಂಬ, ಹಾಸನ

6 ಅಡಿ 2 ಇಂಚಿನ 37 ವರ್ಷದ ಲಿಬೆರೊ! ಇಡೀ ಮ್ಯಾಚ್ ಮಂಡಿ ಬಗ್ಗಿಸಿ ನಿಂತು ನೆಲಕ್ಕೆ ಬೀಳಬೇಕು ಸ್ವಾಮಿ. ಹಾರುವುದಕ್ಕಿಂತ ಕಷ್ಟ. ಅವನ ಬಲ ಮಂಡಿಗೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ. ಈಗಲೂ ಹಿಂದಿನ ಸಾಲಿಗೆ ಬಂದರೆ ಅವನ ಬದಲು ಲಿಬೆರೊ ಒಳಗೆ ಬರುತ್ತಾನೆ.

ಸಮಸ್ಯೆ ಇರುವುದು ನೆಟ್ ಹತ್ತಿರವೇ. ನಡುವಿನಿಂದ ನೆಟ್ ಅಂಚಿನ ಕಡ್ಡಿ, ಅಂದರೆ ಆಂಟೆನಾವರೆಗೆ ಓಡಿ ಪಕ್ಕದ ಬ್ಲಾಕರ್‌ಗೆ ಭುಜ ತಾಗಿಸಿ ಹಾರಬೇಕು. ಈಗ ಅರ್ಧ ಹೆಜ್ಜೆ ತಡವಾಗುತ್ತಿದೆ. ಇಬ್ಬರ ಕೈ ನಡುವೆ ಒಂದು ಬಾಲ್ ಹೋಗುವಷ್ಟು ಸಂದಿ. ಎದುರಾಳಿ ಸೆಟ್ಟರ್‌ಗಳಿಗೆ ಗೊತ್ತಾಗಿಬಿಟ್ಟಿದೆ, ಬೇಕಂತಲೇ ಆ ಕಡೆಗೆ ಬಾಲ್ ಎತ್ತುತ್ತಾರೆ. ನಡುವೆಯೇ ಬಂದ ಬಾಲ್ ಇವತ್ತಿಗೂ ಚೆನ್ನಾಗಿ ತಡೆಯುತ್ತಾನೆ.

ಕುದುರೆಮುಖ ಕಾರ್ನರ್

ಹಾಗಾದರೆ ಕೋಚ್ ಹತ್ತಿರ ವಿಡಿಯೋ ಇರುತ್ತಲ್ಲ. ಎಷ್ಟು ಸಲ ತಡವಾಯಿತು ಅಂತ ಲೆಕ್ಕ ಹಾಕಿ ಮೆಸೇಜ್ ಜೊತೆ ಕಳಿಸಿ. ಪ್ರಾಮಾಣಿಕ ಅಂದರೆ ಹಾಗಿರಬೇಕು.

ಸ್ಕೋರ್‌ಶೀಟ್ ಅಕ್ಕ

ಬೇಡಪ್ಪ ಬೇಡ. ಅವನೇನು ಕೋರ್ಟಿನಲ್ಲಿ ನಿಂತ ಆರೋಪಿಯಾ? ಲೆಕ್ಕ ಕಳಿಸಿದರೆ ಅವನೂ ಲೆಕ್ಕ ತೆಗೆಯುತ್ತಾನೆ. ಇಂಥ ಮ್ಯಾಚಿನಲ್ಲಿ ಸರ್ವ್ ರಿಸೀವ್ ಸರಿ ಇರಲಿಲ್ಲ, ಅಂಥದ್ದರಲ್ಲಿ ನನಗೆ ಜ್ವರ ಇತ್ತು ಅಂತ ಶುರುವಾಗುತ್ತದೆ. ತೀರ್ಮಾನ ಆಗಿಹೋಗಿದೆ, ಆದರೂ ವಾದಕ್ಕೆ ಕರೆದ ಹಾಗಾಗುತ್ತದೆ. ಕಾರಣ ಒಂದೇ ವಾಕ್ಯ ಇರಲಿ. ಅವನಿಗೆ ಒಳಗೊಳಗೇ ಗೊತ್ತಿರುವ ಕಾರಣ ಇರಲಿ. ಆಂಟೆನಾದ ಸಂದಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೇಲೂರು ಬಸ್‌ಸ್ಟ್ಯಾಂಡ್

ಮಂಡಿ ವಿಷಯ ಬರೆಯಬೇಕಾ ಬೇಡವಾ? ಅದೇ ತಾನೇ ನಿಜವಾದ ಕಾರಣ.

ಹಳೇ ಸ್ಮ್ಯಾಶರ್

ಬರೆಯಬಾರದು. ಆ ಮೆಸೇಜ್ ಫಾರ್ವರ್ಡ್ ಆಗುತ್ತದೆ. ನಾಳೆ ಚಿಕ್ಕಮಗಳೂರಿನವರೋ ತುಮಕೂರಿನವರೋ ಒಂದು ಸೀಸನ್‌ಗೆ ಕರೆಯಬೇಕು ಅಂದುಕೊಂಡರೆ 'ಮಂಡಿ ಹೋಗಿದೆಯಂತೆ, ಅವರ ಕ್ಲಬ್ಬೇ ಬರೆದುಕೊಟ್ಟಿದೆ' ಅಂತ ಬಾಗಿಲು ಮುಚ್ಚುತ್ತಾರೆ. ಆ ಮಂಡಿ ಹೋಗಿದ್ದಾದರೂ ಯಾರಿಗೋಸ್ಕರ?

ಅರಸೀಕೆರೆ ಕಾಯಿ

ಆಗ ಅದು ಪ್ರಾಮಾಣಿಕ ಹೇಗಾಗುತ್ತದೆ? ನಿಜವನ್ನು ಬಚ್ಚಿಟ್ಟ ಹಾಗೆ ಅಲ್ವಾ?

ಸ್ಕೋರ್‌ಶೀಟ್ ಅಕ್ಕ

ಮಂಡಿಯ ಮಾತು ಎದುರು ಕೂತಾಗ ಆಡಲಿ. ಪತ್ರದಲ್ಲಿ ಟೀಮಿಗೆ ಎಂಥ ಆಟ ಬೇಕು ಅಂತ ಬರೆದರೆ ಸಾಕು. ಸುಳ್ಳು ಹೇಳುವುದು ಒಂದು, ಎಲ್ಲವನ್ನೂ ಕಾಗದಕ್ಕೆ ಇಳಿಸದಿರುವುದು ಇನ್ನೊಂದು.

ಅರಸೀಕೆರೆ ಕಾಯಿ

ನನಗೇನೋ ಒಪ್ಪಿಗೆ ಇಲ್ಲ. ಆದರೂ ನಿಮ್ಮ ಅನುಭವ ಜಾಸ್ತಿ.

ಮಲೆನಾಡ ಮಿಡ್‌ವಿಕೆಟ್

ದ್ರಾವಿಡ್ ಮತ್ತು ವೃದ್ಧಿಮಾನ್ ಸಹಾ ವಿಷಯ ನೆನಪಿದೆಯಾ? 2022ರ ಫೆಬ್ರವರಿ. ಕೋಚ್ ಆಗಿದ್ದ ದ್ರಾವಿಡ್ ಸಹಾಗೆ ಒಳಗೇ ಕರೆದು, ಇನ್ನು ಮುಂದೆ ಟೆಸ್ಟ್ ತಂಡಕ್ಕೆ ನಿಮ್ಮನ್ನು ಪರಿಗಣಿಸುವುದಿಲ್ಲ ಅಂತ ನೇರ ಹೇಳಿದ್ದರು. ಆಗ ಸಹಾಗೆ 37, ನಿಮ್ಮವನ ವಯಸ್ಸೇ. ಸಹಾ ಅದನ್ನು ಪತ್ರಿಕೆಯವರ ಮುಂದೆ ಹೇಳಿಬಿಟ್ಟರು. ದ್ರಾವಿಡ್ ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ಪ್ರಾಮಾಣಿಕ ಉತ್ತರ ಸಿಗಬೇಕಿತ್ತು, ಪೇಪರ್ ನೋಡಿ ತಿಳಿದುಕೊಳ್ಳುವ ಹಾಗೆ ಆಗಬಾರದಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದರು. ನಮ್ಮ ಕರ್ನಾಟಕದವರು ಅಂದರೆ ಹಾಗೆ!

ಬೇಲೂರು ಬಸ್‌ಸ್ಟ್ಯಾಂಡ್

ಜಾವಗಲ್ ಶ್ರೀನಾಥ್ ಊರಿನ ಜಿಲ್ಲೆಯಲ್ಲಿ ಕೂತು ದ್ರಾವಿಡ್ ಉದಾಹರಣೆ ಕೊಡುತ್ತಿದ್ದೀಯಲ್ಲ ಮಾರಾಯ. ಶ್ರೀನಾಥ್ 2003ರ ವಿಶ್ವಕಪ್ ಫೈನಲ್ ಆಡಿ ತಾವೇ ಸರಿದರು, ಯಾರ ಮೆಸೇಜಿಗೂ ಕಾಯಲಿಲ್ಲ.

ಹಳೇ ಸ್ಮ್ಯಾಶರ್

ಮಿಡ್‌ವಿಕೆಟ್, ಕಥೆ ಅರ್ಧಕ್ಕೆ ನಿಲ್ಲಿಸಬೇಡಿ. ನೇರವಾಗಿ ಹೇಳಿದರೂ ಸಹಾಗೆ ನೋವಾಯಿತಲ್ಲ? ಚೆನ್ನಾಗಿ ಬರೆದರೆ ಅವನು ನಗುತ್ತಾ ಥ್ಯಾಂಕ್ಸ್ ಹೇಳುತ್ತಾನೆ ಅಂತ ನೆಟ್ ಕಂಬ ಅಂದುಕೊಳ್ಳಬಾರದು. ಮತ್ತೊಂದು. ಸಹಾ ಅಲ್ಲಿಗೆ ಆಟ ಬಿಡಲಿಲ್ಲ. ಅದೇ ವರ್ಷ ಐಪಿಎಲ್ ಗೆದ್ದ ಗುಜರಾತ್ ಟೈಟನ್ಸ್‌ನಲ್ಲಿ ಆಡಿದರು. ಬಂಗಾಳದಿಂದ ಎನ್‌ಒಸಿ ತೆಗೆದುಕೊಂಡು ತ್ರಿಪುರಾಕ್ಕೆ ಹೋದರು.

ನಿಮ್ಮ ಡ್ರಾಫ್ಟಿನಲ್ಲಿ 'ನಿವೃತ್ತ ಜೀವನ' ಅಂತ ಇದೆಯಲ್ಲ, ಅದು ಓದಿದಾಗ ನನಗೆ ಮೈ ಉರಿಯಿತು. ಕ್ಲಬ್ ಬಿಡುವುದು ನಿಮ್ಮ ಕೈಯಲ್ಲಿದೆ. ಆಟ ಬಿಡುವುದು ಅವನ ಕೈಯಲ್ಲಿದೆ. ಅದರ ಬದಲು ಎನ್‌ಒಸಿ ಕೊಡಿ. ಅವನು ಕೇಳುವ ಮೊದಲೇ, ಪತ್ರದ ಜೊತೆಗೇ. ನನಗೆ ಅದನ್ನು ಕೊಡಲು ಎರಡು ತಿಂಗಳು ಓಡಾಡಿಸಿದರು. ಅಷ್ಟರಲ್ಲಿ ಎಲ್ಲ ಟೀಮುಗಳೂ ತುಂಬಿದ್ದವು.

ನೆಟ್ ಕಂಬ, ಹಾಸನ

ಒಪ್ಪಿದೆ. ಕೋಚಿಂಗ್ ಮಾತು ಇರಲಿ ಅಲ್ವಾ? ಅದೊಂದು ಸಮಾಧಾನ.

ಸ್ಕೋರ್‌ಶೀಟ್ ಅಕ್ಕ

ಕಮಿಟಿ ಪಾಸ್ ಮಾಡಿದೆಯಾ? ತಿಂಗಳಿಗೆ ಎಷ್ಟು, ಯಾವತ್ತಿನಿಂದ, ಯಾವ ವಯಸ್ಸಿನ ಹುಡುಗರಿಗೆ?

ನೆಟ್ ಕಂಬ, ಹಾಸನ

ಇಲ್ಲ. ಅಧ್ಯಕ್ಷರು 'ನೋಡೋಣ' ಅಂದರು.

ಬೇಲೂರು ಬಸ್‌ಸ್ಟ್ಯಾಂಡ್

ನಮ್ಮ ಊರಲ್ಲಿ 'ನೋಡೋಣ' ಅಂದರೆ 'ಇಲ್ಲ' ಅಂತಲೇ ಅರ್ಥ. ತೆಗೆ ಅದನ್ನ.

ತೋಟದಮನೆ

ನನ್ನದೊಂದು ಸಂಶಯ. ನೀವಿಬ್ಬರೂ ಒಂದೇ ಬೈಕಿನವರು ಅಂದಿರಿ. ಅವನನ್ನು ನೀವು 'ನೀನು' ಅಂತೀರಾ, 'ನೀವು' ಅಂತೀರಾ?

ನೆಟ್ ಕಂಬ, ಹಾಸನ

ನೀನು, ಕಣೋ, ಲೋ. ಅವನು ನನಗೆ ಅದಕ್ಕಿಂತ ಕೆಟ್ಟದಾಗಿ ಕರೆಯುತ್ತಾನೆ.

ತೋಟದಮನೆ

ಹಾಗಿದ್ದ ಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ 'ಮಾನ್ಯರೇ, ತಾವು' ಅಂತ ಮೆಸೇಜ್ ಬಂದರೆ ಹೇಗಿರುತ್ತದೆ? ಮುಂದೆ ಏನು ಬರೆದಿದೆ ಅಂತ ಓದುವುದೇ ಬೇಡ, ಆ 'ತಾವು' ಒಂದೇ ಸಾಕು ಹೊಟ್ಟೆ ಕಲಸಲು. ನಮ್ಮ ಭಾವ ಆಸ್ತಿ ಜಗಳಕ್ಕೆ ಮೊದಲು ನನಗೆ 'ತಾವು' ಅಂದಿದ್ದ. ಆಗಲೇ ಗೊತ್ತಾಯಿತು ನನಗೆ.

ಸ್ಕೋರ್‌ಶೀಟ್ ಅಕ್ಕ

ಇದು ನನಗೆ ಹೊಳೆದಿರಲಿಲ್ಲ. ಸರಿಯಾದ ಮಾತು. ಮೊದಲು ಮನೆಗೆ ಹೋಗಿಯೋ ಎಲ್ಲಾದರೂ ಕೂತೋ 'ನೀನು' ಅಂತಲೇ ಹೇಳಿ. ಹೊರಡುವಾಗ, ಕ್ಲಬ್ಬಿನ ಕಡೆಯಿಂದ ಒಂದು ಕಾಗದ ಬರುತ್ತೆ ಕಣೋ, ಅದರಲ್ಲಿ 'ನೀವು' ಅಂತ ಇರುತ್ತೆ, ತಪ್ಪು ತಿಳಿಯಬೇಡ ಅಂತ ಹೇಳಿಬಿಡಿ. ಪತ್ರದಲ್ಲಿ 'ನೀವು' ಸಾಕು, 'ತಾವು' ಬೇಡ. 'ತಿಳಿಸಲಾಗಿದೆ' ಕೂಡ ಬೇಡ. ಯಾರು ತಿಳಿಸಿದ್ದು, ಗೋಡೆಯಾ? 'ನಾವು ತೀರ್ಮಾನಿಸಿದ್ದೇವೆ' ಅಂತ ಬರೆಯಿರಿ. ಕೈ ಎತ್ತಿದ್ದೀರಲ್ಲ, ಅದೂ ಬರಲಿ.

ಹೊಗಳಿಕೆ ಕೊನೆಗೆ ಹಾಕಿ. ಮೊದಲೇ ಹಾಕಿದರೆ ಓದುವವನು 'ಆದರೆ' ಯಾವಾಗ ಬರುತ್ತೆ ಅಂತ ಕಾಯುತ್ತಿರುತ್ತಾನೆ. ಆ ಹೊಗಳಿಕೆ ಒಂದೂ ಮನಸ್ಸಿಗೆ ಇಳಿಯುವುದಿಲ್ಲ. ದಾರಿದೀಪ, ಅಪಾರ ಸೇವೆ ಅಂತೆಲ್ಲ ಬೇಡ, ಮೇಷ್ಟ್ರು ಕ್ಷಮಿಸಲಿ. ಅವನೊಬ್ಬನೇ ಮಾಡಿದ್ದು ಏನಾದರೂ ಇದ್ದರೆ ಅದನ್ನು ಬರೆಯಿರಿ.

ನಿವೃತ್ತ ಮೇಷ್ಟ್ರು

ಕ್ಷಮಿಸಿದ್ದೇನೆ. ದಾರಿದೀಪ ನನ್ನದಲ್ಲ, ಅವರದೇ.

ನೆಟ್ ಕಂಬ, ಹಾಸನ

ರಾತ್ರಿ ಕೂತು ಮತ್ತೆ ಬರೆದೆ.

> ಭಾನುವಾರ ನಾವು ಕೂತು ಮಾತಾಡಿದ್ದನ್ನು ಕ್ಲಬ್ಬಿನ ಪರವಾಗಿ ಬರೆದು ಕೊಡುತ್ತಿದ್ದೇನೆ. ಮಾರ್ಚ್ 31ಕ್ಕೆ ಮುಗಿಯುವ ನಿಮ್ಮ ಕಾಂಟ್ರ್ಯಾಕ್ಟನ್ನು ನಾವು ಮುಂದುವರಿಸುತ್ತಿಲ್ಲ. ಇದು ಕಮಿಟಿಯ ಕೊನೆಯ ತೀರ್ಮಾನ. ನಾನೂ ಒಪ್ಪಿದ್ದೇನೆ. ಕಾರಣ ದುಡ್ಡಲ್ಲ. ಎರಡೂ ಕಡೆ ಆಂಟೆನಾವರೆಗೆ ಹೋಗಿ ಬ್ಲಾಕ್ ಮುಚ್ಚುವ ಸೆಂಟರ್ ಬೇಕು ಅಂತ ಕೋಚ್ ಕೇಳಿದ್ದಾರೆ. ಆ ಜಾಗಕ್ಕೆ ಹೊಸ ಆಟಗಾರನನ್ನು ತೆಗೆದುಕೊಳ್ಳುತ್ತಿದ್ದೇವೆ.
>
> ಮಾರ್ಚ್ ಸಂಬಳ ಮತ್ತು ಬಾಕಿ ಇರುವ ಎರಡು ಟೂರ್ನಮೆಂಟಿನ ಬಹುಮಾನದ ಪಾಲು ಏಪ್ರಿಲ್ 5ರೊಳಗೆ ನಿಮ್ಮ ಖಾತೆಗೆ ಬರುತ್ತದೆ. ಕ್ಲಬ್ ಕೊಟ್ಟ ಮನೆಯಲ್ಲಿ ಮೇ 31ರವರೆಗೆ ಇರಬಹುದು, ಬಾಡಿಗೆ ನಾವೇ ಕಟ್ಟುತ್ತೇವೆ. ಬೇರೆ ಕ್ಲಬ್ಬಿಗೆ ಆಡಲು ಎನ್‌ಒಸಿ ಇದರ ಜೊತೆಗಿದೆ. ಟೀಮಿನವರಿಗೆ ನಾವು ಬುಧವಾರ ಹೇಳುತ್ತೇವೆ. ಅದಕ್ಕೆ ಮೊದಲು ನೀವೇ ಹೇಳಬೇಕು ಅನಿಸಿದರೆ ಹೇಳಿ.
>
> ಸಕಲೇಶಪುರದ ಹೊನಲು ಬೆಳಕಿನ ಟೂರ್ನಮೆಂಟಿಗೆ ನಮ್ಮಲ್ಲಿ ಏಳೇ ಜನ ಇದ್ದಾಗ ನೀವು ನೈಟ್ ಶಿಫ್ಟ್ ಬಿಟ್ಟು ಬಂದಿರಿ. ಅವತ್ತು ನೀವು ಬರದಿದ್ದರೆ ಕ್ಲಬ್ ಆ ವರ್ಷವೇ ಮುಚ್ಚುತ್ತಿತ್ತು. ಅದು ನಮಗೆ ನೆನಪಿದೆ.

ಹಳೇ ಸ್ಮ್ಯಾಶರ್

ಇದು ನನಗೆ ಬಂದಿದ್ದರೆ ಬೈದುಕೊಂಡೇ ಇಟ್ಟುಕೊಳ್ಳುತ್ತಿದ್ದೆ. ಬಿಸಾಕುತ್ತಿರಲಿಲ್ಲ.

ಒಂದು ಬಿಟ್ಟಿದ್ದೀರಿ. ಮಾರ್ಚ್‌ನಲ್ಲಿ ಟೂರ್ನಮೆಂಟ್ ಇದೆಯಾ? ಅದರಲ್ಲಿ ಅವನನ್ನು ಆಡಿಸುತ್ತೀರಾ?

ನೆಟ್ ಕಂಬ, ಹಾಸನ

ಎರಡಿದೆ. ಹೊಸ ಹುಡುಗನನ್ನು ನೋಡೋಣ ಅಂತ ಕೋಚ್ ಆಸೆ.

ಹಳೇ ಸ್ಮ್ಯಾಶರ್

ಮಾರ್ಚ್ 31ರವರೆಗೆ ಅವನು ನಿಮ್ಮ ಸೆಂಟರ್. ಆಡಿಸಲೇಬೇಕು.

ಕುದುರೆಮುಖ ಕಾರ್ನರ್

ಮನಸ್ಸು ಮುರಿದವನನ್ನು ನೆಟ್ ಹತ್ತಿರ ನಿಲ್ಲಿಸಿ ಮ್ಯಾಚ್ ಸೋಲಬೇಕಾ? ಕೋಚ್ ಹೇಳಿದ್ದು ಸರಿ.

ಸ್ಕೋರ್‌ಶೀಟ್ ಅಕ್ಕ

ಇದರಲ್ಲಿ ನನಗೂ ಗಟ್ಟಿ ಉತ್ತರ ಇಲ್ಲ. ಒಬ್ಬಳನ್ನು ಆಡಿಸಿದೆ, ಜೀವಮಾನದ ಮ್ಯಾಚ್ ಆಡಿದಳು. ಇನ್ನೊಬ್ಬಳು ಮೊದಲ ಸೆಟ್ಟಿನಲ್ಲೇ ಅಳುತ್ತಾ ಹೊರಗೆ ಬಂದಳು. ಆದರೆ ಆಡಿಸುತ್ತೀರೋ ಇಲ್ಲವೋ ಅನ್ನುವುದನ್ನು ಕೋಚ್ ಬಾಯಿಂದ ಪಕ್ಕಾ ಮಾಡಿಕೊಂಡು ಹೋಗಿ. ಅವನು ಕೇಳುವ ಮೊದಲ ಪ್ರಶ್ನೆ ಅದೇ ಇರುತ್ತದೆ.

ನೆಟ್ ಕಂಬ, ಹಾಸನ

ಮುಗೀತು. ಭಾನುವಾರ ಬೆಳಿಗ್ಗೆ ಹೇಳಿದೆ. ಹೋಟೆಲ್ ಬೇಡ ಅಂತ ಅವನ ಮನೆ ಹಿಂದಿನ ಕಟ್ಟೆ ಮೇಲೆ ಕೂತೆವು. ಅವನ ಹೆಂಡತಿ ಕಾಫಿ ಕೊಟ್ಟು ಹೋದರು. ಹೇಳಿದ ಮೇಲೆ ಎರಡು ನಿಮಿಷ ಸುಮ್ಮನಿದ್ದ. ಅಕ್ಕ ಹೇಳಿದ ಪ್ರಶ್ನೆ ಕೇಳಲೇ ಇಲ್ಲ. 'ಕಮಿಟಿಯಲ್ಲಿ ನೀನೂ ಕೈ ಎತ್ತಿದೆಯಾ?' ಅಂದ. ಎತ್ತಿದೆ ಅಂದೆ. 'ಸರಿ' ಅಂದ. ಹೊಸ ಹುಡುಗನ ಎತ್ತರ ಎಷ್ಟು ಅಂತ ಕೇಳಿದ. 6 ಅಡಿ 5 ಅಂದೆ. ಕಾಫಿ ಹಾಗೇ ಇಟ್ಟು ಒಳಗೆ ಹೋದ.

ಸಂಜೆ ಪತ್ರ, ಎನ್‌ಒಸಿ ಎರಡೂ ಕೊಟ್ಟುಬಂದೆ, ವಾಟ್ಸಾಪ್‌ಗೂ ಹಾಕಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ. ಸೋಮವಾರ ಇಲ್ಲ. ಮಂಗಳವಾರ ಇಲ್ಲ. ಇವತ್ತು ಬೆಳಿಗ್ಗೆ ಒಂದು ಸಾಲು ಬಂತು:

'ಎನ್‌ಒಸಿಯಲ್ಲಿ ನನ್ನ ಇನಿಷಿಯಲ್ ತಪ್ಪಾಗಿದೆ.'

ಬೇಲೂರು ಬಸ್‌ಸ್ಟ್ಯಾಂಡ್

12 ವರ್ಷ ಆದಮೇಲೂ ಇನಿಷಿಯಲ್ ಗೊತ್ತಿಲ್ವಾ ನಿಂಗೆ?

ಹಳೇ ಸ್ಮ್ಯಾಶರ್

ಅಂದರೆ ಯಾವುದೋ ಕ್ಲಬ್ ಜೊತೆ ಮಾತಾಡುತ್ತಿದ್ದಾನೆ. ಇವತ್ತೇ ಸರಿ ಮಾಡಿ ಕೊಡಿ. ಸೀಲ್ ಹಾಕಲು ಅಧ್ಯಕ್ಷರು ಸಿಗಲಿಲ್ಲ ಅಂತ ಎಳೆಯಬೇಡಿ.

ನೆಟ್ ಕಂಬ, ಹಾಸನ

ಸೀಲ್ ನನ್ನ ಬೈಕಿನ ಡಿಕ್ಕಿಯಲ್ಲೇ ಇದೆ. ಹೊರಟೆ.

ತೋಟದಮನೆ

ಹೂಮಳೆ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.